ಪ್ರಕಟವಾಗದ ಟ್ರಯಲ್‌ಗಳ ಬೇಟೆ: ರಿಜಿಸ್ಟ್ರಿ ಮೊದಲೋ, ಥೀಸಿಸ್ ಕಪಾಟು ಮೊದಲೋ?

ಕಳೆದ ಮಳೆಗಾಲದಲ್ಲಿ ಒಬ್ಬಳು ಪಿಜಿ ನಮ್ಮ ಲೈಬ್ರರಿಗೆ ಬಂದು ನನ್ನೆದುರು ಲ್ಯಾಪ್‌ಟಾಪ್ ಇಟ್ಟಳು. ಪ್ರಸೂತಿ ವಿಭಾಗದವಳು. ಗರ್ಭಿಣಿಯರ ರಕ್ತಹೀನತೆಗೆ ರಕ್ತನಾಳದ ಮೂಲಕ ಕೊಡುವ ಎರಡು ಕಬ್ಬಿಣದ ಔಷಧಿಗಳನ್ನು ಹೋಲಿಸಿ ಸಿಸ್ಟಮ್ಯಾಟಿಕ್ ರಿವ್ಯೂ ಬರೆಯುತ್ತಿದ್ದಳು: ಒಂದು ಐರನ್ ಸುಕ್ರೋಸ್, ಇನ್ನೊಂದು ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್.

"ಮೇಡಮ್, ಪಬ್‌ಮೆಡ್, ಕಾಕ್ರೇನ್ ಸೆಂಟ್ರಲ್ ಎರಡೂ ಮುಗಿಸಿದೀನಿ. ಗೈಡ್ ಗ್ರೇ ಲಿಟರೇಚರೂ ನೋಡು ಅಂದ್ರು. ಸಿಟಿಆರ್‌ಐ ನೋಡಿದೆ, ಏನೂ ಇಲ್ಲ."

"ಏನಂತ ಟೈಪ್ ಮಾಡಿದೆ?"

ತೋರಿಸಿದಳು. ಸಿಟಿಆರ್‌ಐ ಅಂದರೆ ಭಾರತದ ಟ್ರಯಲ್ ರಿಜಿಸ್ಟ್ರಿ. ಅದರ ಹುಡುಕು ಪೆಟ್ಟಿಗೆಗೆ ರಿವ್ಯೂವಿನ ಇಡೀ ಶೀರ್ಷಿಕೆಯನ್ನೇ ಸುರಿದಿದ್ದಳು. ಅದನ್ನೆಲ್ಲ ಅಳಿಸಿ `carboxymaltose` ಅಂತ ಒಂದೇ ಪದ ಹಾಕಿದೆ. ಪಟ್ಟಿ ಪರದೆಯಿಂದ ಕೆಳಗೆ ಇಳಿಯಿತು.

ಈ ಬರಹ ಅವಳಂಥವರಿಗೆ. ಕೈಯಲ್ಲಿ ಎರಡು ಮೂರು ವಾರ ಇದೆ, ಹುಡುಕಬೇಕಾದ ಜಾಗಗಳು ಹತ್ತಾರಿವೆ, ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು ಅನ್ನುವುದು ಪ್ರಶ್ನೆ. ಗ್ರೇ ಲಿಟರೇಚರ್ ಅಂದರೆ ಜರ್ನಲ್ ದಾರಿ ಹಿಡಿಯದ ಬರಹ: ಥೀಸಿಸ್, ಸಮ್ಮೇಳನದ ಅಬ್‌ಸ್ಟ್ರಾಕ್ಟ್, ಔಷಧ ನಿಯಂತ್ರಕರ ಕಡತ, ಇಲಾಖೆಯ ವರದಿ. ಟ್ರಯಲ್ ರಿಜಿಸ್ಟ್ರಿ ಬೇರೆಯದೇ ಜಾತಿ. ಎರಡನ್ನೂ ಒಂದೇ ಬುಟ್ಟಿಗೆ ಹಾಕುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಹಾಜರಿ ಪುಸ್ತಕ ಮತ್ತು ಹಿಂದಿನ ಬೆಂಚು

ಕ್ಲಾಸಿಗೆ ಯಾರು ಬಂದಿಲ್ಲ ಅಂತ ತಿಳಿಯಬೇಕಾದರೆ ಬೆಂಚುಗಳನ್ನು ನೋಡಿದರೆ ಸಾಲದು, ಹಾಜರಿ ಪುಸ್ತಕ ಬೇಕು. ರಿಜಿಸ್ಟ್ರಿ ಆ ಹಾಜರಿ ಪುಸ್ತಕ. ಟ್ರಯಲ್ ಶುರುವಾಗುವ ಮುಂಚೆ, ಫಲಿತಾಂಶ ಏನೆಂದು ಯಾರಿಗೂ ಗೊತ್ತಿಲ್ಲದಾಗ, ಹೆಸರು ಅಲ್ಲಿ ಬಿದ್ದಿರುತ್ತದೆ. ಆಮೇಲೆ ಫಲಿತಾಂಶ ಚೆನ್ನಾಗಿ ಬರಲಿ ಬಿಡಲಿ, ಹೆಸರು ಅಲ್ಲೇ ಉಳಿಯುತ್ತದೆ. ಗ್ರೇ ಲಿಟರೇಚರ್ ಹಾಗಲ್ಲ. ಅದು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುವ ಹುಡುಗರು. ಹುಡುಕಿದರೆ ಕೆಲವರು ಸಿಗುತ್ತಾರೆ. ಸಿಕ್ಕವರು ಒಟ್ಟು ಎಷ್ಟರಲ್ಲಿ ಎಷ್ಟು ಅನ್ನುವುದು ಮಾತ್ರ ಆ ಬೆಂಚಿನಿಂದ ಗೊತ್ತಾಗುವುದಿಲ್ಲ.

ಹೀಗಾಗಿ ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ರಿಜಿಸ್ಟ್ರಿ ಮೊದಲು. ಅಲ್ಲಿಂದ ಕಾಣೆಯಾದವರ ಪಟ್ಟಿ ಮಾಡಿಕೊಂಡು, ಆ ಪಟ್ಟಿ ಹಿಡಿದು ಥೀಸಿಸ್ ಕಪಾಟಿಗೆ ಹೋಗಿ. ತಿರುವುಮುರುವು ಮಾಡಿದರೆ ಕೈಗೆ ಸಿಕ್ಕ ಥೀಸಿಸ್ಸನ್ನೆಲ್ಲ ಸೇರಿಸಿ, ಪ್ರಕಟಣೆಯ ಪಕ್ಷಪಾತ ಕಡಿಮೆ ಮಾಡಿದೆವು ಅಂದುಕೊಳ್ಳುತ್ತೇವೆ. ಎಷ್ಟು ಉಳಿದಿದೆ ಅಂತ ಹೇಳಲು ಮಾತ್ರ ನಮ್ಮ ಬಳಿ ಏನೂ ಇರುವುದಿಲ್ಲ.

ಹಾಜರಿ ಪುಸ್ತಕ ಇದ್ದಾಗ ಏನು ಕಾಣುತ್ತದೆ ಅನ್ನುವುದಕ್ಕೆ 2008ರಲ್ಲಿ ಟರ್ನರ್ ಮತ್ತು ಸಂಗಡಿಗರು ಖಿನ್ನತೆಯ ಔಷಧಿಗಳ ಬಗ್ಗೆ ಮಾಡಿದ ಕೆಲಸಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಮೆರಿಕದ ಎಫ್‌ಡಿಎ ಬಳಿ ನೋಂದಾಯಿತವಾಗಿದ್ದ 74 ಟ್ರಯಲ್‌ಗಳನ್ನು ಅವರು ಜರ್ನಲ್‌ಗಳೊಂದಿಗೆ ತಾಳೆ ನೋಡಿದರು. ಎಫ್‌ಡಿಎ 38 ಟ್ರಯಲ್‌ಗಳ ಫಲಿತಾಂಶ ಔಷಧಿಯ ಪರ ಎಂದಿತ್ತು. ಅವುಗಳಲ್ಲಿ 37 ಪ್ರಕಟವಾಗಿದ್ದವು. ಪರ ಅಲ್ಲ ಅಥವಾ ಅನುಮಾನ ಎಂದಿದ್ದ 36ರಲ್ಲಿ 22 ಬೆಳಕಿಗೇ ಬರಲಿಲ್ಲ, 11 ಪ್ರಬಂಧಗಳು ಪರ ಅನ್ನುವಂತೆ ಬಣ್ಣ ಹಚ್ಚಿಕೊಂಡು ಬಂದವು, ಇದ್ದದ್ದು ಇದ್ದ ಹಾಗೆ ಬಂದವು ಮೂರೇ. ಜರ್ನಲ್ ಮಾತ್ರ ಓದಿದವರಿಗೆ ನೂರಕ್ಕೆ 94 ಟ್ರಯಲ್ ಗೆದ್ದಂತೆ ಕಂಡರೆ, ಕಡತದಲ್ಲಿ ಗೆದ್ದದ್ದು 51. ಕಡತದ ಪಟ್ಟಿ ಇಲ್ಲದೇ ಹೋಗಿದ್ದರೆ ಆ 22 ಇವೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ.

ಅದೇ ಉದಾಹರಣೆ ನಮ್ಮವರಿಗೆ ದಾರಿ ತಪ್ಪಿಸುವುದೂ ಉಂಟು. ಅದನ್ನು ಓದಿದವರು ಸೀದಾ ಎಫ್‌ಡಿಎ ಕಡತಕ್ಕೆ ಹೊರಡುತ್ತಾರೆ. ಅಲ್ಲಿ ಸಿಗುವುದು ಕಂಪನಿ ಮಾಡಿಸಿದ ಟ್ರಯಲ್‌ಗಳು. ನಮ್ಮ ಪಿಜಿಯ ಪ್ರಶ್ನೆಗೆ ಉತ್ತರ ಕೊಡುವ ಟ್ರಯಲ್‌ಗಳನ್ನು ಯಾರು ಮಾಡುತ್ತಾರೆ? ಮೆಡಿಕಲ್ ಕಾಲೇಜಿನ ಪಿಜಿಗಳು, ತಮ್ಮ ಎಂಡಿ, ಎಂಎಸ್ ಥೀಸಿಸ್‌ಗಾಗಿ. ಎಲ್ಲಿ ಹುಡುಕಬೇಕು ಅನ್ನುವುದನ್ನು ನಿರ್ಧರಿಸುವುದು ಇದೊಂದೇ ಪ್ರಶ್ನೆ: ಈ ಟ್ರಯಲ್ ಮಾಡುವವರು ಯಾರು, ಮಾಡಿದ ಮೇಲೆ ಕಾಗದ ಎಲ್ಲಿ ಬೀಳುತ್ತದೆ?

ಮೂರು ರಿಜಿಸ್ಟ್ರಿ, ಮೂರು ಸ್ವಭಾವ

ಅಮೆರಿಕದ ClinicalTrials.gov ಮೂರರಲ್ಲಿ ಅತ್ಯಂತ ಹಳೆಯ, ಅತ್ಯಂತ ಸಲೀಸಾದ ಜಾಗ. 2000ದಲ್ಲಿ ಶುರುವಾಯಿತು, 2008ರಿಂದ ಫಲಿತಾಂಶದ ಕೋಷ್ಟಕಗಳನ್ನೂ ಇಟ್ಟುಕೊಳ್ಳುತ್ತಿದೆ. ಒಂದು ಪದ ಹಾಕಿದರೆ ಅದರ ಪರ್ಯಾಯ ಹೆಸರುಗಳನ್ನು ತಾನೇ ಸೇರಿಸಿಕೊಳ್ಳುತ್ತದೆ. ದಾಖಲೆಯೊಂದರ ಹಳೆಯ ಆವೃತ್ತಿಗಳನ್ನು `Record History` ಒತ್ತಿ ನೋಡಬಹುದು. ಮುಖ್ಯ ಫಲಿತಾಂಶ ಅಂತ ಮೊದಲು ಬರೆದದ್ದೇನು, ಆಮೇಲೆ ತಿದ್ದಿದ್ದೇನು ಅಂತ ಹಿಡಿಯಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಆದರೆ ಫಲಿತಾಂಶ ಹಾಕಲೇಬೇಕು ಅನ್ನುವ ಅಮೆರಿಕದ ಕಾನೂನು ಹಿಡಿಯುವುದು ಅಲ್ಲಿನ ನಿಯಂತ್ರಣಕ್ಕೆ ಒಳಪಟ್ಟ ಟ್ರಯಲ್‌ಗಳನ್ನು. ಇಲ್ಲಿನ ಒಂದು ಕಾಲೇಜಿನ ಪಿಜಿ ಹೆಸರು ನೋಂದಾಯಿಸಿದ್ದರೂ ಫಲಿತಾಂಶದ ಪುಟ ಖಾಲಿ ಇರುವುದೇ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆಯ ಐಸಿಟಿಆರ್‌ಪಿ ತಾನೇ ನೋಂದಣಿ ಮಾಡುವುದಿಲ್ಲ. ಹಲವು ದೇಶಗಳ ರಿಜಿಸ್ಟ್ರಿಗಳ ಪ್ರತಿಗಳನ್ನು ಒಂದೆಡೆ ಕೂಡಿಡುತ್ತದೆ. ಅದರಲ್ಲಿ ನಮ್ಮ ಸಿಟಿಆರ್‌ಐಯೂ ಸೇರಿದೆ. ಒಮ್ಮೆ ಹುಡುಕಿ ಎಲ್ಲವನ್ನೂ ಒಟ್ಟಿಗೆ ಡೌನ್‌ಲೋಡ್ ಮಾಡಬಹುದು ಅನ್ನುವುದು ದೊಡ್ಡ ಅನುಕೂಲ. ಹಾಗಾದರೆ ಇದೊಂದೇ ಸಾಲದೇ ಅಂತ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳುತ್ತಾರೆ. ಸಾಲದು. ಪ್ರತಿ ಅಂದ ಮೇಲೆ ಮೂಲದ ಎಲ್ಲ ಸಾಲುಗಳೂ ಅಲ್ಲಿಗೆ ಬರುವುದಿಲ್ಲ, ಬಂದದ್ದೂ ಸ್ವಲ್ಪ ತಡವಾಗಿ ಬರುತ್ತದೆ. ಕಾಕ್ರೇನ್‌ನ ನಿಯಮಗಳಲ್ಲೂ ClinicalTrials.gov ಮತ್ತು ಐಸಿಟಿಆರ್‌ಪಿ ಎರಡನ್ನೂ ನೋಡುವುದು ಕಡ್ಡಾಯ. ಸೆಂಟ್ರಲ್‌ನಲ್ಲಿ ರಿಜಿಸ್ಟ್ರಿಯ ದಾಖಲೆಗಳು ಸೇರಿದ್ದರೂ ಅಷ್ಟಕ್ಕೆ ನಿಲ್ಲಿಸುವಂತಿಲ್ಲ.

ಇನ್ನು ಸಿಟಿಆರ್‌ಐ. 2007ರ ಜುಲೈನಲ್ಲಿ ಐಸಿಎಂಆರ್ ಆಶ್ರಯದಲ್ಲಿ ಶುರುವಾದದ್ದು. ಔಷಧ ನಿಯಂತ್ರಕರ ವ್ಯಾಪ್ತಿಗೆ ಬರುವ ಟ್ರಯಲ್‌ಗಳಿಗೆ 2009ರ ಜೂನ್ 15ರಿಂದ ನೋಂದಣಿ ಕಡ್ಡಾಯವಾಯಿತು. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ನೋಂದಾಯಿಸಬೇಕು, ಆಮೇಲೆ ಬಂದರೆ ತೆಗೆದುಕೊಳ್ಳುವುದಿಲ್ಲ. ಈ ಕೊನೆಯ ದಿನಾಂಕವನ್ನು ರಿವ್ಯೂ ಬರೆಯುವವರು ಗೋಡೆಗೆ ಅಂಟಿಸಿಕೊಳ್ಳಬೇಕು. ಅದಕ್ಕೆ ಮುಂಚಿನ ದಾಖಲೆಗಳಲ್ಲಿ ಟ್ರಯಲ್ ಮುಗಿದ ಮೇಲೆ, ಜರ್ನಲ್‌ನವರು ಕೇಳಿದರೆಂದು ನೋಂದಾಯಿಸಿದವೂ ಸೇರಿವೆ. ಫಲಿತಾಂಶ ಗೊತ್ತಾದ ಮೇಲೆ ಬರೆದ ಹೆಸರು ಹಾಜರಿಯೇ ಅಲ್ಲ. ದಾಖಲೆಯ ಮೇಲ್ಭಾಗದಲ್ಲೇ ಟ್ರಯಲ್‌ಗೆ ಮೊದಲು ನೋಂದಾಯಿಸಿದ್ದೋ, ಆಮೇಲೋ ಅಂತ ಬರೆದಿರುತ್ತದೆ. ಕಾಣೆಯಾದವರ ಲೆಕ್ಕ ಹಾಕುವಾಗ ನಾನು ಈ ಎರಡು ಗುಂಪನ್ನು ಬೇರೆ ಮಾಡಿಯೇ ಎಣಿಸುತ್ತೇನೆ.

ಸಿಟಿಆರ್‌ಐ ದಾಖಲೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಾಲಿದೆ: `Post Graduate Thesis`. ಅದರ ಎದುರು `Yes` ಇದ್ದರೆ ಈ ಟ್ರಯಲ್‌ನ ಕಾಗದ ಯಾವುದೋ ಕಾಲೇಜಿನ ಲೈಬ್ರರಿಯಲ್ಲಿ ಬೈಂಡ್ ಆಗಿ ಕೂತಿರಬೇಕು ಅಂತ ಅರ್ಥ. ಹಾಜರಿ ಪುಸ್ತಕದಿಂದ ಹಿಂದಿನ ಬೆಂಚಿಗೆ ಸೇತುವೆ ಅದೇ. ಜೊತೆಗೆ ಪ್ರಧಾನ ಸಂಶೋಧಕರ ಹೆಸರಿನ ಜಾಗದಲ್ಲಿ ಸಾಮಾನ್ಯವಾಗಿ ವಿದ್ಯಾರ್ಥಿಯ ಹೆಸರಿರುತ್ತದೆ, ವೈಜ್ಞಾನಿಕ ಪ್ರಶ್ನೆಗಳಿಗೆ ಸಂಪರ್ಕಿಸಿ ಅನ್ನುವಲ್ಲಿ ಗೈಡ್ ಹೆಸರು. ಮೂರು ವರ್ಷ ಕಳೆದ ಮೇಲೆ ವಿದ್ಯಾರ್ಥಿ ಊರು ಬಿಟ್ಟಿರುತ್ತಾರೆ, ಕಾಲೇಜಿನ ಇಮೇಲ್ ಸತ್ತಿರುತ್ತದೆ. ಗೈಡ್ ಅಲ್ಲೇ ಇರುತ್ತಾರೆ. ಪತ್ರ ಬರೆಯುವುದಾದರೆ ಗೈಡ್‌ಗೆ ಬರೆಯಿರಿ.

ಸಿಟಿಆರ್‌ಐ ಹುಡುಕಾಟಕ್ಕೆ ಉದ್ದ ವಾಕ್ಯ ಒಗ್ಗುವುದಿಲ್ಲ. ಪಬ್‌ಮೆಡ್‌ಗೆ ಬರೆದ ಆವರಣ, ನಕ್ಷತ್ರ, ಮೂರು ಸಾಲಿನ ತಂತ್ರ ಇಲ್ಲಿ ಬೇಡ. ಔಷಧಿಯ ಹೆಸರನ್ನಷ್ಟೇ ಹಾಕಿ, ಗರ್ಭಿಣಿಯರದ್ದು ಯಾವುದು ಅಂತ ಕಣ್ಣಲ್ಲಿ ಆರಿಸಿ. ಜನ ತುಂಬುವ ಫಾರಂ ಆದ್ದರಿಂದ ಕಾಗುಣಿತ ಅವರವರ ಇಷ್ಟ. ಕಾರ್ಬಾಕ್ಸಿಮಾಲ್ಟೋಸನ್ನು ಎರಡು ತುಂಡು ಮಾಡಿ ಬರೆದವರಿದ್ದಾರೆ, ಬರೀ ಎಫ್‌ಸಿಎಂ ಅಂದವರೂ ಇದ್ದಾರೆ. ಹಾಗಾಗಿ ಒಂದೊಂದನ್ನೂ ಬೇರೆಬೇರೆಯಾಗಿ ಹಾಕಿ:

```
carboxymaltose
carboxy maltose
FCM
iron sucrose
```

ಪ್ರತಿ ಪದಕ್ಕೆ ಎಷ್ಟು ಬಂತು, ಯಾವ ದಿನ ಹುಡುಕಿದ್ದು ಅಂತ ಆಗಲೇ ಬರೆದಿಡಿ. ಪ್ರಿಸ್ಮಾ 2020ರ ಚಿತ್ರದಲ್ಲಿ ರಿಜಿಸ್ಟ್ರಿಯ ಎಣಿಕೆ ಎಡಗಡೆ ಡೇಟಾಬೇಸ್‌ಗಳ ಜೊತೆ ಬರುತ್ತದೆ, ಜಾಲತಾಣ, ಸಂಸ್ಥೆಗಳಲ್ಲಿ ಸಿಕ್ಕ ಥೀಸಿಸ್‌ಗಳದ್ದು ಬಲಗಡೆಯ ಸಾಲಿನಲ್ಲಿ. ಕೊನೆಗೆ ನೆನಪಿನಿಂದ ತುಂಬಲು ಹೋದರೆ ಕೂಡಿಸಿದ್ದು ಕೂಡುವುದಿಲ್ಲ.

ಒಂದು ಎಚ್ಚರಿಕೆ. ದಾಖಲೆಯಲ್ಲಿ `Not Yet Recruiting` ಅಂತ ಇದ್ದ ಮಾತ್ರಕ್ಕೆ ಟ್ರಯಲ್ ಶುರುವಾಗಿಲ್ಲ ಅಂತ ಬಿಡಬೇಡಿ. ನೋಂದಾಯಿಸಿದ ದಿನ ಬರೆದದ್ದನ್ನು ಆಮೇಲೆ ಯಾರೂ ಮುಟ್ಟದೇ ಇರುವುದು ಮಾಮೂಲು. ನಾನು ಆ ಸಾಲನ್ನು ನಂಬುವುದಿಲ್ಲ. ಮೊದಲ ರೋಗಿಯ ದಿನಾಂಕ, ಅಂದಾಜು ಅವಧಿ ಎರಡನ್ನೂ ಕೂಡಿಸಿ, ಮುಗಿದಿರಬೇಕಾದ ದಿನವನ್ನು ನಾನೇ ಲೆಕ್ಕ ಹಾಕುತ್ತೇನೆ. ಆ ದಿನ ಕಳೆದು ಎರಡು ವರ್ಷವಾದರೂ ಪ್ರಬಂಧ, ಥೀಸಿಸ್ ಯಾವುದೂ ಸಿಗದಿದ್ದರೆ ಅದು ನನ್ನ ಕಾಣೆಯಾದವರ ಪಟ್ಟಿಗೆ ಹೋಗುತ್ತದೆ.

ಥೀಸಿಸ್ ಕಪಾಟು: ಶೋಧಗಂಗಾ ಅಲ್ಲ, ಸಿನಾಪ್ಸಿಸ್

ಥೀಸಿಸ್ ಅಂದ ಕೂಡಲೇ ಎಲ್ಲರೂ ಶೋಧಗಂಗಾ ತೆರೆಯುತ್ತಾರೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಆ ಭಂಡಾರದ ಬಹುಪಾಲು ಪಿಎಚ್‌ಡಿ ಥೀಸಿಸ್‌ಗಳದ್ದು. ನರ್ಸಿಂಗ್, ಫಾರ್ಮಸಿ, ಯೋಗದ ವಿಷಯವಾದರೆ ಅಲ್ಲಿ ಅರ್ಧ ದಿನ ಕೂರಬಹುದು. ಐರನ್ ಸುಕ್ರೋಸ್‌ನಂಥ ವಿಷಯದ ಟ್ರಯಲ್‌ಗಳು ಎಂಡಿ, ಎಂಎಸ್ ಡಿಸರ್ಟೇಶನ್‌ಗಳಲ್ಲಿರುತ್ತವೆ, ಪಿಎಚ್‌ಡಿಯಲ್ಲಲ್ಲ. ಶೋಧಗಂಗಾಕ್ಕೆ ಒಂದು ಗಂಟೆ ಸಾಕು.

ಕರ್ನಾಟಕದಲ್ಲಿ ಆ ಡಿಸರ್ಟೇಶನ್‌ಗಳ ಬಹುಪಾಲು ಹೋಗುವುದು ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ. ಅದಕ್ಕೂ ಮುಂಚೆ ಪಿಜಿ ಮೊದಲ ವರ್ಷದಲ್ಲೇ ಸಿನಾಪ್ಸಿಸ್ ಸಲ್ಲಿಸಬೇಕು. ಆ ನಮೂನೆಯನ್ನು ಒಮ್ಮೆ ಗಮನವಿಟ್ಟು ನೋಡಿ. 6.3ರಲ್ಲಿ ಉದ್ದೇಶಗಳು, 7ರಲ್ಲಿ ಮೂಲ ಮತ್ತು ವಿಧಾನ, 7.3ರಲ್ಲಿ ಈ ಅಧ್ಯಯನಕ್ಕೆ ರೋಗಿಗಳ ಮೇಲೆ ಯಾವುದಾದರೂ ತಪಾಸಣೆ ಅಥವಾ ಚಿಕಿತ್ಸೆ ಬೇಕೇ ಅನ್ನುವ ಪ್ರಶ್ನೆ, 7.4ರಲ್ಲಿ ನೈತಿಕ ಸಮಿತಿಯ ಒಪ್ಪಿಗೆ. ಅಂದರೆ ಏನು ಅಳೆಯುತ್ತೇವೆ, ಎಷ್ಟು ಜನರಲ್ಲಿ ಅಳೆಯುತ್ತೇವೆ ಅನ್ನುವುದು ಫಲಿತಾಂಶಕ್ಕೆ ಮುಂಚೆಯೇ ಕಾಗದದ ಮೇಲಿದೆ. ಸಿಟಿಆರ್‌ಐ ಹುಟ್ಟುವ ಮೊದಲಿನ ವರ್ಷಗಳಿಗೆ, ಅಥವಾ ಅಲ್ಲಿ ನೋಂದಾಯಿಸದ ಟ್ರಯಲ್‌ಗಳಿಗೆ, ಈ ಸಿನಾಪ್ಸಿಸ್ಸೇ ಹಾಜರಿ ಪುಸ್ತಕದ ಕೆಲಸ ಮಾಡುತ್ತದೆ. ಗೂಗಲ್‌ನಲ್ಲಿ ಹೀಗೆ ಹಾಕಿದರೆ ಜಾಲಕ್ಕೆ ಏರಿರುವವು ಸಿಗುತ್ತವೆ:

```
site:rguhs.ac.in "iron sucrose" pregnancy
```

ಸಿನಾಪ್ಸಿಸ್‌ನಲ್ಲಿ ಫಲಿತಾಂಶ ಇರುವುದಿಲ್ಲ, ಇರಬಾರದು ಕೂಡ. ಅದು ವಿಳಾಸ ಕೊಡುತ್ತದೆ: ಕಾಲೇಜು, ವಿಭಾಗ, ವರ್ಷ. ಬೈಂಡ್ ಆದ ಪ್ರತಿ ಆ ಕಾಲೇಜಿನ ಲೈಬ್ರರಿಯಲ್ಲಿ. ಬೆಂಗಳೂರಿನೊಳಗಾದರೆ ಪತ್ರ ಹಿಡಿದು ಹೋಗಿ ನೋಡುವುದು ಇಮೇಲ್‌ಗೆ ಕಾಯುವುದಕ್ಕಿಂತ ಬೇಗ. ಟ್ರಾಫಿಕ್ ಸೇರಿಸಿಯೂ.

ಕೈಗೆ ಪ್ರತಿ ಸಿಕ್ಕಾಗ ಮೊದಲು ಕೊನೆಯ ಪುಟಗಳಿಗೆ ಹೋಗಿ. ಅಲ್ಲಿ ಮಾಸ್ಟರ್ ಚಾರ್ಟ್ ಇರುತ್ತದೆ. ಅಡ್ಡಡ್ಡ ಮುದ್ರಿಸಿದ, ಕಣ್ಣು ಕಿರಿದು ಮಾಡಿ ಓದಬೇಕಾದ ಕೋಷ್ಟಕ: ಪ್ರತಿ ರೋಗಿಗೆ ಒಂದು ಸಾಲು, ವಯಸ್ಸು, ಎಷ್ಟನೆಯ ವಾರ, ಯಾವ ಗುಂಪು, ಮೊದಲ ದಿನದ ಹಿಮೋಗ್ಲೋಬಿನ್, ಎರಡು ವಾರಕ್ಕೆ, ನಾಲ್ಕು ವಾರಕ್ಕೆ. ಜರ್ನಲ್ ಪ್ರಬಂಧ ಸಾಮಾನ್ಯವಾಗಿ ಕೊಡದ ವಸ್ತು ಇದು. ಫಲಿತಾಂಶದ ಅಧ್ಯಾಯದಲ್ಲಿ ಪಿ ಮೌಲ್ಯ ಮಾತ್ರ ಇದ್ದು ಎಸ್‌ಡಿ ಬರೆಯದೇ ಹೋಗಿದ್ದರೂ ಪರವಾಗಿಲ್ಲ, ಅಂಕಿಗಳನ್ನು ಎಕ್ಸೆಲ್‌ಗೆ ಹಾಕಿ ಸರಾಸರಿ, ಎಸ್‌ಡಿ ಎರಡನ್ನೂ ನಾವೇ ತೆಗೆಯಬಹುದು. ಇಬ್ಬರು ಬೇರೆಬೇರೆ ಟೈಪ್ ಮಾಡಿ ತಾಳೆ ನೋಡಿ. ಅಧ್ಯಾಯದ ಕೋಷ್ಟಕಕ್ಕೂ ಮಾಸ್ಟರ್ ಚಾರ್ಟ್‌ಗೂ ಹೊಂದದಿದ್ದರೆ ಗೈಡ್‌ಗೆ ಕೇಳಿ; ಉತ್ತರ ಬಾರದಿದ್ದರೆ ಯಾವ ಅಂಕಿ ಬಳಸಿದಿರಿ, ಏಕೆ ಅಂತ ರಿವ್ಯೂನಲ್ಲಿ ಬರೆಯಿರಿ. ಹಳೆಯ ಚಾರ್ಟ್‌ಗಳಲ್ಲಿ ರೋಗಿಯ ಹೆಸರು, ಐಪಿ ನಂಬರ್ ಉಳಿದುಬಿಟ್ಟಿರುತ್ತದೆ. ಆ ಎರಡು ಕಾಲಂಗಳನ್ನು ನಿಮ್ಮ ಹಾಳೆಗೆ ಇಳಿಸಲೇಬೇಡಿ, ಫೋಟೋ ತೆಗೆಯುವಾಗಲೂ ಮುಚ್ಚಿ ತೆಗೆಯಿರಿ.

ಇಲ್ಲಿ ನಾನು ಒಮ್ಮೆ ಎಡವಿದ್ದೇನೆ. ಒಂದು ಥೀಸಿಸ್ ಸಿಕ್ಕ ಖುಷಿಯಲ್ಲಿ ಅದನ್ನು ಹೊಸ ಟ್ರಯಲ್ ಅಂತ ಸೇರಿಸಿದ್ದೆ. ಅದೇ ಟ್ರಯಲ್ ಪ್ರಬಂಧವಾಗಿಯೂ ಬಂದಿತ್ತು, ನಮ್ಮ ಪಟ್ಟಿಯಲ್ಲೇ ಇತ್ತು. ಥೀಸಿಸ್‌ನಲ್ಲಿ ಮೊದಲ ಹೆಸರು ವಿದ್ಯಾರ್ಥಿಯದ್ದು, ಪ್ರಬಂಧದಲ್ಲಿ ಗೈಡ್‌ದು. ಥೀಸಿಸ್‌ನಲ್ಲಿ ನೂರು ಜನ, ಪ್ರಬಂಧದಲ್ಲಿ ಮಧ್ಯದಲ್ಲಿ ಬಿಟ್ಟುಹೋದವರನ್ನು ಕಳೆದು ತೊಂಬತ್ತು ಚಿಲ್ಲರೆ. ಶೀರ್ಷಿಕೆಯೂ ಬೇರೆ. ಎರಡರ ಮೊದಲ ದಿನದ ಹಿಮೋಗ್ಲೋಬಿನ್ ಸರಾಸರಿ ದಶಮಾಂಶದ ತನಕ ಹತ್ತಿರ ಇದ್ದದ್ದನ್ನು ನನ್ನ ಸಹೋದ್ಯೋಗಿ ನೋಡದಿದ್ದರೆ ಅದೇ ರೋಗಿಗಳನ್ನು ಎರಡು ಸಲ ಎಣಿಸಿ ಕಳಿಸಿಬಿಡುತ್ತಿದ್ದೆ. ಆಮೇಲಿಂದ ಆಸ್ಪತ್ರೆ, ರೋಗಿಗಳನ್ನು ಸೇರಿಸಿಕೊಂಡ ತಿಂಗಳುಗಳು, ಡೋಸ್, ಮೊದಲ ದಿನದ ಸರಾಸರಿ, ಈ ನಾಲ್ಕನ್ನು ಹೋಲಿಸದೆ ಯಾವ ಥೀಸಿಸ್ಸನ್ನೂ ಹೊಸದು ಅನ್ನುವುದಿಲ್ಲ. ಸಿಟಿಆರ್‌ಐ ಸಂಖ್ಯೆ ಎರಡರಲ್ಲೂ ಇದ್ದರೆ ಕೆಲಸ ಮುಗಿಯಿತು. ಅದಕ್ಕೇ ಆ ಸಂಖ್ಯೆಯನ್ನು ಗೂಗಲ್ ಸ್ಕಾಲರ್‌ನಲ್ಲಿ ಉದ್ಧರಣ ಚಿಹ್ನೆಯೊಳಗೆ ಹಾಕಿ ನೋಡುವುದು ಅಭ್ಯಾಸವಾಗಲಿ.

ಉಳಿದವು, ಬೇಗ ಬೇಗ

ಸಮ್ಮೇಳನದ ಅಬ್‌ಸ್ಟ್ರಾಕ್ಟ್‌ಗಳಲ್ಲಿ ಪೂರ್ಣ ಪ್ರಬಂಧವಾಗುವುದು ಸುಮಾರು 37 ಪ್ರತಿಶತ ಅಂತ 2018ರ ಒಂದು ಕಾಕ್ರೇನ್ ರಿವ್ಯೂ ಮೂರು ಲಕ್ಷಕ್ಕೂ ಹೆಚ್ಚು ಅಬ್‌ಸ್ಟ್ರಾಕ್ಟ್‌ಗಳ ಲೆಕ್ಕದಿಂದ ಹೇಳುತ್ತದೆ. ಉಳಿದದ್ದು ಅಲ್ಲೇ ನಿಂತಿತು ಅಂದಾಯಿತು. ಹಾಗಂತ ಅಲ್ಲಿ ಬಹಳ ಹೊತ್ತು ಕಳೆಯಲು ನಾನು ಹೇಳುವುದಿಲ್ಲ. ಇನ್ನೂರೈವತ್ತು ಪದದಲ್ಲಿ ಎಸ್‌ಡಿ ಇರುವುದಿಲ್ಲ, ಕೆಲವೊಮ್ಮೆ ಅರ್ಧ ರೋಗಿಗಳ ಲೆಕ್ಕ ಮಾತ್ರ ಇರುತ್ತದೆ. ದೊಡ್ಡ ಅಂತರರಾಷ್ಟ್ರೀಯ ಸಮ್ಮೇಳನಗಳದ್ದು ಎಂಬೇಸ್‌ನಲ್ಲಿ ಬರುತ್ತದೆ. ನಮ್ಮಲ್ಲಿನ ಸಮ್ಮೇಳನಗಳ ಸುವನೀರ್‌ಗಳು ವಿಭಾಗದ ಕಪಾಟಿನ ಮೇಲ್ತಟ್ಟಿನಲ್ಲಿ ಸಿಗುತ್ತವೆ. ಟ್ರಯಲ್ ಇದೆ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಅಂತ ಬಳಸಿ, ಅಂಕಿಗಾಗಿ ಅಲ್ಲ.

ನಿಯಂತ್ರಕರ ಕಡತದ ಮಾತು ಆಗಲೇ ಬಂತು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್‌ಗೆ ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು, ಅಂಥ ಔಷಧಿಗಳ ಪರಿಶೀಲನಾ ವರದಿಗಳನ್ನು Drugs@FDA ಪುಟದಲ್ಲಿ ಹುಡುಕಬಹುದು. ಔಷಧಿಯ ಸುರಕ್ಷತೆ ನಿಮ್ಮ ಪ್ರಶ್ನೆಯಾದರೆ ಅದು ಚಿನ್ನದ ಗಣಿ. ಬೆಂಗಳೂರಿನ ಗರ್ಭಿಣಿಯರಲ್ಲಿ ಎರಡು ಔಷಧಿಗಳ ಹೋಲಿಕೆಯಾದರೆ ಅಲ್ಲಿ ಹುಡುಕುವ ದಿನವನ್ನು ಥೀಸಿಸ್‌ಗೆ ಕೊಡಿ.

ಒಂದು ಲೆಕ್ಕ, ಕೊನೆಯ ತನಕ

ಇನ್ನು ಮುಂದಿನ ಅಂಕಿಗಳು ವಿಧಾನ ತೋರಿಸಲು ನಾನೇ ಇಟ್ಟುಕೊಂಡವು, ನಿಜವಾದ ಫಲಿತಾಂಶಗಳಲ್ಲ. ಯಾರೂ ಎಲ್ಲೂ ಉಲ್ಲೇಖಿಸಬೇಡಿ. ಅಳತೆ ಏನೆಂದರೆ ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ ಏರಿಕೆಯಲ್ಲಿ ಎರಡು ಗುಂಪಿನ ವ್ಯತ್ಯಾಸ.

ರಿಜಿಸ್ಟ್ರಿಗಳಲ್ಲಿ ಒಟ್ಟು 14 ಟ್ರಯಲ್ ಸಿಕ್ಕವು ಅಂತಿಟ್ಟುಕೊಳ್ಳಿ. ಒಂದೇ ಟ್ರಯಲ್ ಎರಡು ರಿಜಿಸ್ಟ್ರಿಯಲ್ಲಿ ಇದ್ದದ್ದನ್ನು ಒಂದೇ ಮಾಡಿದ ಮೇಲಿನ ಲೆಕ್ಕ. ಆರು ಪ್ರಕಟವಾಗಿವೆ, 720 ಮಹಿಳೆಯರು. ಎರಡು ಥೀಸಿಸ್ ರೂಪದಲ್ಲಿ ಸಿಕ್ಕವು, 200 ಮಹಿಳೆಯರು. ಮೂರು ಇನ್ನೂ ನಡೆಯುತ್ತಿವೆ. ಉಳಿದ ಮೂರು ಮುಗಿದು ಎರಡು ವರ್ಷ ದಾಟಿದೆ, ಎಲ್ಲೂ ಸುಳಿವಿಲ್ಲ. ನೋಂದಣಿಯಲ್ಲಿ ಬರೆದ ಗುರಿ ಮೂರಕ್ಕೂ ಸೇರಿ 300 ಮಹಿಳೆಯರು.

ಪ್ರಕಟವಾದ ಆರರಿಂದ ಕೂಡಿಸಿದ ವ್ಯತ್ಯಾಸ ಕಾರ್ಬಾಕ್ಸಿಮಾಲ್ಟೋಸ್ ಪರ 0.80 ಗ್ರಾಂ, ಸ್ಟ್ಯಾಂಡರ್ಡ್ ಎರರ್ 0.10. ಥೀಸಿಸ್‌ಗಳಲ್ಲಿ ಒಂದರದ್ದು 0.20, ಎರರ್ 0.15, ಇನ್ನೊಂದರದ್ದು 0.30, ಎರರ್ 0.20. ಎರರ್‌ನ ವರ್ಗದಿಂದ 1ನ್ನು ಭಾಗಿಸಿದರೆ ತೂಕ ಬರುತ್ತದೆ:

```
100 × 0.80  = 80.0
44.4 × 0.20 =  8.9
25 × 0.30   =  7.5
96.4 / 169.4 = 0.57
```

0.80 ಇದ್ದದ್ದು 0.57ಕ್ಕೆ ಇಳಿಯಿತು, 95 ಪ್ರತಿಶತದ ವ್ಯಾಪ್ತಿ 0.42ರಿಂದ 0.72. ರ‍್ಯಾಂಡಮ್ ಎಫೆಕ್ಟ್ಸ್ ಬಳಸಿದರೆ ಚಿಕ್ಕ ಟ್ರಯಲ್‌ಗಳ ತೂಕ ಹೆಚ್ಚಿ ಅಂಕಿ ಸ್ವಲ್ಪ ಬದಲಾಗುತ್ತದೆ, ವ್ಯಾಪ್ತಿ ಅಗಲವಾಗುತ್ತದೆ. ದಿಕ್ಕು ಬದಲಾಗಲಿಲ್ಲ, ಗಾತ್ರ ಬದಲಾಯಿತು. ಗಾತ್ರವೇ ಇಲ್ಲಿ ಮುಖ್ಯ: ಕಾರ್ಬಾಕ್ಸಿಮಾಲ್ಟೋಸ್ ದುಬಾರಿ, ಒಂದೇ ಸಲ ಸಾವಿರ ಮಿಲಿಗ್ರಾಂ ತನಕ ಕೊಟ್ಟು ಕಳಿಸಬಹುದು; ಸುಕ್ರೋಸ್ ಅಗ್ಗ, ದಿನ ಬಿಟ್ಟು ದಿನ ಬರಬೇಕು. ಹೆಚ್ಚಿನ ದುಡ್ಡಿಗೆ ಎಷ್ಟು ಹಿಮೋಗ್ಲೋಬಿನ್ ಬಂತು ಅನ್ನುವುದೇ ಆಸ್ಪತ್ರೆಯವರ ಪ್ರಶ್ನೆ.

ಈಗ ಸುಳಿವಿಲ್ಲದ ಮೂರು. ಹಾಜರಿ ಪುಸ್ತಕ ಇದ್ದದ್ದರಿಂದಲೇ ಈ ಲೆಕ್ಕ ಸಾಧ್ಯ: ಮುಗಿದ ಟ್ರಯಲ್‌ಗಳ 1,220 ಮಹಿಳೆಯರಲ್ಲಿ 300 ಮಂದಿಯ, ಅಂದರೆ ಸುಮಾರು ಕಾಲು ಭಾಗದ ಫಲಿತಾಂಶ ನಮ್ಮ ಕೈಯಲ್ಲಿಲ್ಲ. ಆ ಮೂರರಲ್ಲೂ ಎರಡು ಔಷಧಿಗಳ ನಡುವೆ ಏನೂ ವ್ಯತ್ಯಾಸ ಇರಲಿಲ್ಲ ಅಂತ ಊಹಿಸೋಣ. 920 ಮಂದಿಗೆ ತೂಕ 169.4 ಆದರೆ ಅದೇ ದರದಲ್ಲಿ 300 ಮಂದಿಗೆ ಸುಮಾರು 55. 96.4ನ್ನು 224.7ರಿಂದ ಭಾಗಿಸಿದರೆ 0.43. ಕಾಣೆಯಾದವರೆಲ್ಲ ಸೊನ್ನೆ ತಂದರೂ ವ್ಯತ್ಯಾಸ ಅಳಿದುಹೋಗುವುದಿಲ್ಲ, ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಫಲಿತಾಂಶ ಸೊನ್ನೆಗಿಂತ ಕೆಳಗೂ ಇರಬಹುದಿತ್ತು, ಹಾಗಾಗಿ ಇದು ಒರಟು ಅಂದಾಜು ಮಾತ್ರ, ಕೊನೆಯ ಗಡಿಯಲ್ಲ. ಆದರೂ ಪ್ರಕಟಣೆಯ ಪಕ್ಷಪಾತ ಇರಬಹುದು ಅನ್ನುವ ಒಂದು ಸಾಲಿಗಿಂತ ಓದುವವರಿಗೆ ಇದು ಹೆಚ್ಚು ಹೇಳುತ್ತದೆ. ಗ್ರೇಡ್ ಕೋಷ್ಟಕದಲ್ಲಿ ವಿಶ್ವಾಸ ಒಂದು ಮೆಟ್ಟಿಲು ಇಳಿಸಲು ಕಾರಣ ಏನು ಅಂತ ಕೇಳಿದರೆ ತೋರಿಸಲು ಅಂಕಿ ಇದೆ.

ಈ ಹಂತದಲ್ಲಿ ಗೈಡ್‌ಗಳು ಫನಲ್ ಪ್ಲಾಟ್ ಹಾಕಿಲ್ಲವಾ ಅಂತ ಕೇಳುವುದುಂಟು. ಎಂಟು ಟ್ರಯಲ್‌ಗೆ ಅದು ಸಲ್ಲದು. ಕನಿಷ್ಠ ಹತ್ತು ಇಲ್ಲದೆ ಎಗ್ಗರ್ ಪರೀಕ್ಷೆ ಮಾಡಬಾರದು ಅನ್ನುವುದು ಕಾಕ್ರೇನ್ ಸಲಹೆ. ಹತ್ತಿದ್ದರೂ ಅದು ಚುಕ್ಕೆಗಳ ಆಕಾರ ನೋಡಿ ಗೈರುಹಾಜರಿಯನ್ನು ಊಹಿಸುತ್ತದೆ. ನಮ್ಮ ಬಳಿ ಗೈರುಹಾಜರಾದವರ ನೋಂದಣಿ ಸಂಖ್ಯೆಯೇ ಇದೆ.

ಆ ಮೂರು ಸಂಖ್ಯೆಗಳಿಗೆ ಗೈಡ್‌ಗಳ ಇಮೇಲ್ ಹುಡುಕಿ ಬರೆಯುವುದು ಕೊನೆಯ ಕೆಲಸ. ಉದ್ದ ಪತ್ರ ಬೇಡ: ನೋಂದಣಿ ಸಂಖ್ಯೆ, ನಮಗೆ ಬೇಕಾದ ಆರು ಅಂಕಿ, ಅಂದರೆ ಎರಡೂ ಗುಂಪಿನ ಜನ, ಸರಾಸರಿ, ಎಸ್‌ಡಿ. ಎರಡು ವಾರ ಬಿಟ್ಟು ಇನ್ನೊಮ್ಮೆ. ಬರೆದ ದಿನ, ಉತ್ತರ ಬಂದ ದಿನ ಎರಡನ್ನೂ ಹಾಳೆಯಲ್ಲಿ ಹಾಕಿಡಿ. ಟ್ರಯಲ್ ಮಧ್ಯದಲ್ಲೇ ನಿಂತಿತು ಅನ್ನುವ ಉತ್ತರವೂ ಉತ್ತರವೇ. ಆಗ ಆ ಹೆಸರನ್ನು ಕಾಣೆಯಾದವರಿಂದ ತೆಗೆದು ನಿಂತವರ ಪಟ್ಟಿಗೆ ಹಾಕಿ, ಕಾಲು ಭಾಗ ಅನ್ನುವ ಲೆಕ್ಕವನ್ನು ಮತ್ತೆ ಮಾಡಬೇಕು.

ನಮ್ಮ ಪಿಜಿ ಎರಡನೇ ಪತ್ರ ಕಳಿಸಿದ ಮೂರನೇ ದಿನ ಬಂದಳು. ಒಬ್ಬ ಗೈಡ್ ಥೀಸಿಸ್‌ನ ಕೊನೆಯ ನಾಲ್ಕು ಪುಟ ಮೊಬೈಲ್‌ನಲ್ಲಿ ಫೋಟೋ ಹೊಡೆದು ಕಳಿಸಿದ್ದರು. ಮಾಸ್ಟರ್ ಚಾರ್ಟ್. ಕೊನೆಯ ಕಾಲಂ ಬೈಂಡಿಂಗ್‌ನೊಳಗೆ ಸಿಕ್ಕಿಹಾಕಿಕೊಂಡಿತ್ತು, ನಾಲ್ಕು ವಾರದ ಹಿಮೋಗ್ಲೋಬಿನ್ ಅದರಲ್ಲೇ.

"ಇನ್ನೊಂದು ಸಲ ಕೇಳಲಾ ಮೇಡಮ್?"

"ಯಾವ ಕಾಲೇಜು?"

ಹೇಳಿದಳು. ಮೆಟ್ರೋದಲ್ಲಿ ಅರ್ಧ ಗಂಟೆ.

"ಲೆಟರ್ ಬರೆದುಕೊಡ್ತೀನಿ, ಸ್ಕೇಲ್ ತಗೊಂಡು ಹೋಗು. ಸಾಲು ತಪ್ಪಬಾರದು."